ಮೆಂಟೆನೆನ್ಸ್ ಜಗಳ: ಚದರಡಿ ಆಮೇಲೆ, ಮೊದಲು ನೀರಿನ ಲೆಕ್ಕ

ಅಪಾರ್ಟ್‌ಮೆಂಟ್ ಸಂಘದವರು ನನ್ನ ಆಫೀಸಿಗೆ ಬಂದರೆ, ಕುರ್ಚಿ ಎಳೆದುಕೊಳ್ಳುವ ಮೊದಲೇ ಕೇಳುವ ಪ್ರಶ್ನೆ ಒಂದೇ. "ಸಾರ್, ಮೆಂಟೆನೆನ್ಸ್ ಚದರಡಿ ಲೆಕ್ಕದಲ್ಲಿ ಹಾಕ್ಬೇಕಾ, ಮನೆಗಿಷ್ಟು ಅಂತ ಸಮ ಹಾಕ್ಬೇಕಾ?" ನಾನು ತಿರುಗಿ ಕೇಳುತ್ತೇನೆ: "ಏನನ್ನ ಹಂಚ್ಬೇಕು?" "ಖರ್ಚನ್ನ." "ಯಾವ ಖರ್ಚು?" ಅಲ್ಲಿಗೆ ಅಧ್ಯಕ್ಷರು ಕಾರ್ಯದರ್ಶಿಯ ಮುಖ ನೋಡುತ್ತಾರೆ, ಕಾರ್ಯದರ್ಶಿ ಖಜಾಂಚಿಯ ಮುಖ ನೋಡುತ್ತಾರೆ, ಖಜಾಂಚಿ ಮೊಬೈಲ್ ನೋಡುತ್ತಾರೆ. ಮೈಸೂರಿನಲ್ಲಿ ಇಂಥ ಸಂಘಗಳ ಲೆಕ್ಕ ನೋಡಲು ಶುರು ಮಾಡಿ ಇಪ್ಪತ್ತು ವರ್ಷ ದಾಟಿತು. ಎರಡು ವರ್ಷ ಜಗಳವಾಡಿ ಬಂದವರ ಕೈಯಲ್ಲೂ ಖರ್ಚು ಬಿಡಿಸಿ ಬರೆದ ಒಂದು ಹಾಳೆ ಇರುವುದಿಲ್ಲ.

ವಿಜಯನಗರದ ಕಡೆಯ ಒಂದು ಕಟ್ಟಡದ ಕಥೆ ಹೇಳುತ್ತೇನೆ. ಗುರುತು ಸಿಗದಿರಲೆಂದು ಅಂಕಿಗಳನ್ನು ಕೊಂಚ ದುಂಡಗೆ ಮಾಡಿದ್ದೇನೆ. ಒಟ್ಟು 48 ಮನೆ. ಮೂರು ಬೆಡ್‌ರೂಮಿನವು 16, ತಲಾ 1,500 ಚದರಡಿ. ಎರಡು ಬೆಡ್‌ರೂಮಿನವು 32, ತಲಾ 1,000 ಚದರಡಿ. ತಿಂಗಳ ಖರ್ಚು 1,68,000 ರೂಪಾಯಿ. ಬಿಲ್ಡರ್ ಕಾಲದಿಂದ ಚದರಡಿಗೆ ಮೂರು ರೂಪಾಯಿ ನಡೆದುಬಂದಿತ್ತು. ಹಾಗಾಗಿ ದೊಡ್ಡ ಮನೆಗೆ 4,500, ಚಿಕ್ಕ ಮನೆಗೆ 3,000. ಸಮವಾಗಿ ಹಂಚಿದ್ದರೆ ಎಲ್ಲರಿಗೂ 3,500 ಬರುತ್ತಿತ್ತು.

ದೊಡ್ಡ ಮನೆಗಳಲ್ಲಿ ಬಹುಪಾಲು ನಿವೃತ್ತರು, ಗಂಡ ಹೆಂಡತಿ ಇಬ್ಬರೇ. ಅವರಲ್ಲಿ ಎಂಟು ಮನೆಯವರು 3,500 ಮಾತ್ರ ಕಟ್ಟುತ್ತೇವೆ ಎಂದು ಪಟ್ಟು ಹಿಡಿದು, ಹದಿನೈದು ತಿಂಗಳು ಹಾಗೇ ಕಟ್ಟಿದ್ದರು. ಕೊರತೆ 1,20,000 ಮುಟ್ಟಿತ್ತು. ಸೆಕ್ಯುರಿಟಿ ಏಜೆನ್ಸಿಗೆ ದುಡ್ಡು ತಡವಾಗಿ, ರಾತ್ರಿ ಪಾಳಿಯವನು ಕೆಲಸ ಬಿಟ್ಟಿದ್ದ. ಬೇಸ್‌ಮೆಂಟಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕರೆದ ಸಭೆಯಲ್ಲಿ ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರು ಎದ್ದು ನಿಂತು, "ವಾಚ್‌ಮನ್ ಏನ್ರೀ, ನಮ್ಮನೆ ಮುಂದೆ ಒಂದೂವರೆ ಸೆಲ್ಯೂಟ್ ಹೊಡೀತಾನಾ?" ಎಂದರು. ಎಲ್ಲರೂ ನಕ್ಕರು. ಅವರು ನಗಲಿಲ್ಲ.

ಮಾತಿನಲ್ಲಿ ಹುರುಳಿದೆ, ಒಪ್ಪುತ್ತೇನೆ. ಆದರೆ ಕಾನೂನು ಬೇರೆ ದಾರಿ ಹಿಡಿದಿದೆ. ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಅಧಿನಿಯಮ 1972ರ ಪ್ರಕಾರ, ಸಾಮಾನ್ಯ ಖರ್ಚನ್ನು, ಎಲ್ಲರಿಗೂ ಸೇರಿದ ಜಾಗ ಮತ್ತು ಸೌಲಭ್ಯಗಳಲ್ಲಿ ಪ್ರತಿ ಮನೆಗಿರುವ ಅವಿಭಜಿತ ಹಕ್ಕಿನ ಶೇಕಡಾವಾರು ಹಂಚಬೇಕು. ಆ ಶೇಕಡಾ ಎಷ್ಟೆಂಬುದು ನೋಂದಣಿಯಾದ ಡಿಕ್ಲರೇಷನ್ ಪತ್ರದಲ್ಲಿ ಇರುತ್ತದೆ. ಎಲ್ಲ ಮಾಲೀಕರ ಒಪ್ಪಿಗೆ ಇಲ್ಲದೆ ಅದನ್ನು ಬದಲಿಸುವಂತಿಲ್ಲ. ಎಲ್ಲ ಅಂದರೆ ಎಲ್ಲ. ಮೂರರಲ್ಲಿ ಎರಡು ಪಾಲು ಕೈ ಎತ್ತಿದರೆ ಸಾಲದು. ಜನರಲ್ ಬಾಡಿಯಲ್ಲಿ ಚಪ್ಪಾಳೆ ತಟ್ಟಿ ಪಾಸು ಮಾಡಿದ ಎಷ್ಟೋ 'ಸಮಪಾಲು' ನಿರ್ಣಯಗಳು ಒಬ್ಬ ಮಾಲೀಕ ವಕೀಲರ ನೋಟಿಸ್ ಕೊಟ್ಟ ದಿನವೇ ಅಲ್ಲಾಡಿಹೋಗುತ್ತವೆ.

ಆ ನಿಯಮಕ್ಕೆ ಇನ್ನೊಂದು ಮಗ್ಗುಲಿದೆ, ಅದನ್ನು ಯಾರೂ ಓದಿರುವುದಿಲ್ಲ. ಸಾಮಾನ್ಯ ಆದಾಯವನ್ನೂ ಅದೇ ಶೇಕಡಾವಾರು ಹಂಚಬೇಕು. ನಾನು ಮ್ಯಾನೇಜರರನ್ನು ಕೇಳಿದೆ: "ನಾಳೆ ಟೆರೇಸ್ ಮೇಲೆ ಮೊಬೈಲ್ ಟವರ್ ಬಂದ್ರೆ, ಅದರ ಬಾಡಿಗೇನ ಸಮ ಹಂಚೋಣ್ವಾ ಸಾರ್?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಬೇರೆ ವಿಷ್ಯ" ಎಂದರು. ಈ ಸಲ ಅವರೂ ನಕ್ಕರು.

ಒಂದು ಎಚ್ಚರಿಕೆ. ಮೈಸೂರಿನಲ್ಲಿ ಎಷ್ಟೋ ಸಂಘಗಳು ಈ ಕಾನೂನಿನಡಿ ಬಾರದೆ, 1960ರ ಸಂಘಗಳ ನೋಂದಣಿ ಅಧಿನಿಯಮದ ಕೆಳಗೆ ನೋಂದಣಿಯಾಗಿವೆ. ಕೆಲವು ಕಡೆ ಡಿಕ್ಲರೇಷನ್ನೇ ಆಗಿಲ್ಲ, ಕ್ರಯಪತ್ರ ಮಾತ್ರ ಇದೆ. ನಿಮ್ಮದು ಯಾವುದೆಂದು ಕಾಗದ ತೆಗೆಸಿ ವಕೀಲರಿಗೆ ತೋರಿಸಿ. ನಾನು ಲೆಕ್ಕದವನು, ಅಲ್ಲಿಗೆ ನನ್ನ ಗಡಿ.

ಕಾನೂನು ತೋರಿಸಿದ ಮಾತ್ರಕ್ಕೆ ಆ ಎಂಟು ಮನೆಯವರು ಒಪ್ಪಲಿಲ್ಲ. ಒಪ್ಪುವುದೂ ಇಲ್ಲ. ಅವರ ಹೊಟ್ಟೆಯುರಿ ಚದರಡಿಯದ್ದಲ್ಲ ಎಂದು ಗೊತ್ತಾದದ್ದು ಖರ್ಚನ್ನು ಬಿಡಿಸಿ ಬರೆದಾಗ. 1,68,000ದಲ್ಲಿ ಸೆಕ್ಯುರಿಟಿಗೆ 48,000 ಹೋಗುತ್ತಿತ್ತು, ಅದು ಎಲ್ಲರಿಗೂ ಗೊತ್ತಿತ್ತು. ಎರಡನೇ ದೊಡ್ಡ ಬಾಬತ್ತು ನೀರು, 42,000. ವಾಣಿವಿಲಾಸ ವಾಟರ್ ವರ್ಕ್ಸ್ ಬಿಲ್ಲು, ಬೇಸಿಗೆಯ ಟ್ಯಾಂಕರ್, ಬೋರ್‌ವೆಲ್ ಮೋಟಾರಿನ ಕರೆಂಟು ಎಲ್ಲ ಸೇರಿ. ಇದು ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ಮೂರೂ ಬೇರೆ ಬೇರೆ ತಲೆಬರಹದಲ್ಲಿ ಚದುರಿಹೋಗಿದ್ದವು. ಮೋಟಾರಿನ ಕರೆಂಟು ಸೆಸ್ಕ್ ಬಿಲ್ಲಿನೊಳಗೆ, ಟ್ಯಾಂಕರ್ 'ಇತರೆ' ಎಂಬ ಮಹಾಸಾಗರದೊಳಗೆ. ಆ 'ಇತರೆ' ಕಂಡರೆ ನನಗೆ ಮೈ ಉರಿಯುತ್ತದೆ.

ಈಗ ನೋಡಿ. ಮೇಲ್ಮಹಡಿಯ ಚಿಕ್ಕ ಮನೆಯೊಂದರಲ್ಲಿ ಟ್ರೈನಿಂಗಿಗೆ ಬಂದ ಐವರು ಹುಡುಗರು ಬಾಡಿಗೆಗಿದ್ದರು. ನೀರಿಗಾಗಿ ಆ ಮನೆಯಿಂದ ಸಂಘಕ್ಕೆ ಬರುತ್ತಿದ್ದುದು 750 ರೂಪಾಯಿ. ಇಬ್ಬರೇ ಇರುವ ಮ್ಯಾನೇಜರ್ ಮನೆಯಿಂದ 1,125. ಉರಿಯುತ್ತಿದ್ದುದು ಇದು.

ಇಲ್ಲಿ ನಾನು ಹೇಳುವ ಮಾತನ್ನು ನಿಧಾನವಾಗಿ ಓದಿ, ಏಕೆಂದರೆ ಹತ್ತರಲ್ಲಿ ಒಂಬತ್ತು ಕಮಿಟಿಗಳು ಇಲ್ಲೇ ಎಡವುತ್ತವೆ. ವಾಚ್‌ಮನ್, ಲಿಫ್ಟ್, ಮೆಟ್ಟಿಲ ದೀಪ, ಗುಡಿಸುವವರು, ಇವು ಕಟ್ಟಡಕ್ಕೆ ಮಾಡುವ ಖರ್ಚು. ನೀವು ಮನೆಯಲ್ಲಿದ್ದರೂ ಇಲ್ಲದಿದ್ದರೂ ಅದು ಆಗಿಯೇ ಆಗುತ್ತದೆ. ಮನೆಯೊಳಗಿನ ನಲ್ಲಿಯ ನೀರು ಹಾಗಲ್ಲ. ಅದು ನೀವು ಬಳಸಿದ್ದು; ಸಂಘ ಅದನ್ನು ಒಟ್ಟಾಗಿ ಕೊಂಡು ನಿಮಗೆ ಕೊಟ್ಟಿದೆ, ಅಷ್ಟೇ. ಮೊದಲನೆಯದನ್ನು ಡಿಕ್ಲರೇಷನ್ ಹೇಳಿದಂತೆ ಹಂಚಿ. ಎರಡನೆಯದನ್ನು ಅಳೆದು ವಸೂಲು ಮಾಡಿ. ಎರಡನ್ನೂ ಒಂದೇ ಪಾತ್ರೆಗೆ ಸುರಿದು 'ಚದರಡಿಯೋ ಸಮಪಾಲೋ' ಎಂದು ಕೇಳಿದರೆ ಯಾವ ಉತ್ತರವೂ ಅರ್ಧ ಜನಕ್ಕೆ ಅನ್ಯಾಯವಾಗಿಯೇ ಕಾಣುತ್ತದೆ. ಬಳಕೆಯ ಶುಲ್ಕವನ್ನು ಸಾಮಾನ್ಯ ಖರ್ಚಿನಿಂದ ಬೇರೆ ಇಡಬಹುದೆಂಬುದು ನನ್ನ ತಿಳಿವಳಿಕೆ. ಆದರೂ ಅದನ್ನು ಬೈಲಾದಲ್ಲಿ ಬರೆಸಿ, ವಕೀಲರಿಗೆ ತೋರಿಸಿಯೇ ಜಾರಿಗೆ ತನ್ನಿ.

ನೀರು ತೆಗೆದರೆ ಉಳಿದದ್ದು 1,26,000. ಈ ಕಟ್ಟಡದಲ್ಲಿ ಡಿಕ್ಲರೇಷನ್ನಿನ ಶೇಕಡಾ ಚದರಡಿಗೆ ಸರಿಹೊಂದಿತ್ತು, ಹಾಗಾಗಿ ಚದರಡಿಗೆ ಎರಡೂಕಾಲು ರೂಪಾಯಿ ಬಿತ್ತು. ದೊಡ್ಡ ಮನೆಗೆ 3,375, ಚಿಕ್ಕದಕ್ಕೆ 2,250.

ನೀರನ್ನು ಅಳೆಯುವುದು ಹೇಗೆ? ಮೊದಲು ತಲೆ ಎಣಿಸೋಣ ಎಂದರು. ನಾನು ಬೇಡ ಎಂದೆ, ಕೇಳಲಿಲ್ಲ. ಎರಡು ತಿಂಗಳಲ್ಲಿ ದಸರಾ ಬಂತು. ದಸರಾದಲ್ಲಿ ಮೈಸೂರಿನ ಮನೆಯಲ್ಲಿ ಎಷ್ಟು ಜನ ಇರುತ್ತಾರೆಂದು ಮನೆಯವರಿಗೇ ಗೊತ್ತಿರುವುದಿಲ್ಲ. ಎದುರುಮನೆಯ ನೆಂಟರನ್ನು ಬಾಲ್ಕನಿಯಿಂದ ಎಣಿಸಿ ಗ್ರೂಪಿಗೆ ಹಾಕಿದವರೊಬ್ಬರಿಂದ ಶುರುವಾದ ಮುನಿಸು ಇನ್ನೂ ಪೂರ್ತಿ ಇಳಿದಿಲ್ಲ.

ಆಮೇಲೆ ಮೀಟರಿಗೆ ಬಂದರು. ಹಳೆ ಕಟ್ಟಡದಲ್ಲಿ ಮನೆಗೊಂದು ಮೀಟರ್ ಸಾಲದು. ಟೆರೇಸಿನ ಟ್ಯಾಂಕಿನಿಂದ ಪೈಪುಗಳು ಡಕ್ಟಿನಲ್ಲಿ ಇಳಿದು, ಪ್ರತಿ ಬಾತ್‌ರೂಮಿಗೂ ಅಡುಗೆಮನೆಗೂ ಬೇರೆ ಬೇರೆಯಾಗಿ ಒಳಹೋಗಿರುತ್ತವೆ. ಇಲ್ಲಿ ದೊಡ್ಡ ಮನೆಗೆ ನಾಲ್ಕು, ಚಿಕ್ಕದಕ್ಕೆ ಮೂರು ಕಡೆ. ಒಟ್ಟು 160 ಮೀಟರ್. ಪ್ಲಂಬಿಂಗ್ ಸೇರಿ ಒಂದಕ್ಕೆ 2,500ರಂತೆ ನಾಲ್ಕು ಲಕ್ಷ, ಕಾರ್ಪಸ್ ನಿಧಿಯಿಂದ. ಕೊಟೇಷನ್ ತರಿಸುವ ಮೊದಲು ಪ್ಲಂಬರನ್ನು ಕರೆದು ಈ ಒಳದಾರಿಗಳನ್ನು ಎಣಿಸಿ. ಮನೆಗೊಂದರಂತೆ 48 ಎಂದು ಲೆಕ್ಕ ಹಾಕಿದ್ದ ಕಮಿಟಿಗೆ ಅಲ್ಲೇ ಬೆವರು ಬಂತು.

ಮೊದಲ ತಿಂಗಳ ರೀಡಿಂಗ್ ಏಳು ಲಕ್ಷ ಲೀಟರ್. 42,000ವನ್ನು ಅದರಿಂದ ಭಾಗಿಸಿದರೆ ಸಾವಿರ ಲೀಟರಿಗೆ 60 ರೂಪಾಯಿ. ಮ್ಯಾನೇಜರ್ ಮನೆಯಲ್ಲಿ ಏಳು ಸಾವಿರ ಲೀಟರ್, 420 ರೂಪಾಯಿ. ಒಟ್ಟು ಬಿಲ್ 3,795. ಹುಡುಗರ ಮನೆಯಲ್ಲಿ 25 ಸಾವಿರ ಲೀಟರ್, 1,500, ಒಟ್ಟು 3,750. ನಾಲ್ಕು ಜನರ ಒಂದು ಚಿಕ್ಕ ಮನೆಗೆ 13 ಸಾವಿರ ಲೀಟರ್, ಒಟ್ಟು 3,030. ಹಳೆಯ 3,000ಕ್ಕಿಂತ ಮೂವತ್ತೇ ರೂಪಾಯಿ ಹೆಚ್ಚು. ಮುಖ್ಯ ಪೈಪಿಗೂ ಒಂದು ಮೀಟರ್ ಹಾಕಿಸಿ, ಅದಕ್ಕೂ ಮನೆಗಳ ಮೊತ್ತಕ್ಕೂ ಇರುವ ವ್ಯತ್ಯಾಸವನ್ನು ಬಿಲ್ಲಿನಲ್ಲೇ ತೋರಿಸಿ ಎಂದು ಹಟ ಹಿಡಿದೆ. ಇಲ್ಲದಿದ್ದರೆ ಸೋರಿಕೆಯ ಹಣ ದರದೊಳಗೆ ಅಡಗಿ ಕುಳಿತಿರುತ್ತದೆ.

ಆದರೆ ಆ ಬಿಲ್ಲಿಗೆ ಯಾರೂ ದುಡ್ಡು ಕಟ್ಟಲಿಲ್ಲ. ಮೂರು ತಿಂಗಳು ಹಣ ಹಳೆ ದರದಲ್ಲೇ. ಹೊಸ ಲೆಕ್ಕದ ಬಿಲ್ಲನ್ನು ಜೊತೆಗೆ ಬಾಗಿಲ ಸಂದಿಯಲ್ಲಿ ತೂರಿಸಿದೆವು, ನೋಡಲಿಕ್ಕೆ ಮಾತ್ರ. ನಿಯಮದ ಬಗ್ಗೆ ಜನ ಎಷ್ಟು ಬೇಕಾದರೂ ಕೂಗಾಡುತ್ತಾರೆ, ತಮ್ಮ ಹೆಸರಿನ ಬಿಲ್ ಕೈಗೆ ಬಂದರೆ ಕೂತು ಓದುತ್ತಾರೆ. ಹುಡುಗರ ಮನೆಯ ಮಾಲೀಕರು ಬೆಂಗಳೂರಿನಿಂದ ಫೋನ್ ಮಾಡಿ ಎಗರಾಡಿದರು. ಆಮೇಲೆ ನೀರಿನ ಬಿಲ್ ಬಾಡಿಗೆದಾರರೇ ಕಟ್ಟಬೇಕೆಂದು ಕರಾರಿನಲ್ಲಿ ಸೇರಿಸಿಕೊಂಡು ಸುಮ್ಮನಾದರು.

ನೆಲಮಹಡಿಯ ಟೀಚರಮ್ಮ ಮಾತ್ರ "ನಾನು ಲಿಫ್ಟೇ ಹತ್ತಲ್ಲ, ಅದರ ದುಡ್ಡು ಯಾಕೆ?" ಎನ್ನುತ್ತಲೇ ಇದ್ದರು. ಬಳಸುವುದಿಲ್ಲ ಎಂದು ಹೇಳಿ ಸಾಮಾನ್ಯ ಖರ್ಚಿನಿಂದ ತಪ್ಪಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶವಿಲ್ಲ. ಮನೆಗೆ ಬೀಗ ಹಾಕಿ ಅಮೆರಿಕದಲ್ಲಿದ್ದರೂ ಅಷ್ಟೇ. ಇದನ್ನು ಹೇಳಿದೆ, ನಾಟಲಿಲ್ಲ. "ಟೆರೇಸ್ ಮೇಲೆ ಹಪ್ಪಳ ಒಣಗಿಸೋಕೆ ಹೇಗಮ್ಮ ಹೋಗ್ತೀರಾ?" ಎಂದು ಕಾರ್ಯದರ್ಶಿ ಕೇಳಿದ್ದು ನಾಟಿತು.

ಕೊನೆಯ ಗಂಟು ಹಳೆ ಬಾಕಿ. ಹೊಸ ನಿಯಮವನ್ನು ಹಿಂದಿನ ತಾರೀಖಿನಿಂದ ಜಾರಿ ಮಾಡಬೇಡಿ; ಹದಿನೈದು ತಿಂಗಳ ಮೀಟರ್ ರೀಡಿಂಗ್ ಯಾರ ಹತ್ತಿರವೂ ಇಲ್ಲ. ಎಂಟು ಮನೆಯವರು ತಲಾ 15,000ವನ್ನು ಬಡ್ಡಿಯಿಲ್ಲದೆ ಆರು ಕಂತಿನಲ್ಲಿ ಕಟ್ಟುವುದು, ಏಪ್ರಿಲ್‌ನಿಂದ ಹೊಸ ಲೆಕ್ಕ ಎಂದು ತೀರ್ಮಾನವಾಯಿತು. ಬಾಕಿದಾರರ ನೀರು ನಿಲ್ಲಿಸೋಣ ಎಂದ ಉತ್ಸಾಹಿಯೊಬ್ಬರನ್ನು ನಾನೇ ಗದರಿ ಕೂರಿಸಿದೆ. ಬಾಕಿಯ ಭಾರ ಫ್ಲಾಟಿನ ಮೇಲೆ ಬೀಳುತ್ತದೆ, ವಸೂಲಿಗೆ ಕಾನೂನಿನ ದಾರಿ ಇದೆ. ನಲ್ಲಿ ಮುಚ್ಚಿದರೆ ಕೋರ್ಟು ಮೆಟ್ಟಿಲು ಹತ್ತುವುದು ನೀವು.

ಜೂನ್ ಬಿಲ್ಲಿನಲ್ಲಿ ಮ್ಯಾನೇಜರ್ ಮನೆಯ ರೀಡಿಂಗ್ ಏಳರಿಂದ ಇಪ್ಪತ್ಮೂರು ಸಾವಿರಕ್ಕೆ ಹಾರಿತ್ತು. ಮೀಟರ್ ಕೆಟ್ಟಿದೆ, ಎಲ್ಲ ಮೋಸ ಎಂದು ನನಗೇ ಫೋನ್ ಮಾಡಿದರು. ರಾತ್ರಿ ಮಲಗುವ ಮುನ್ನ ನಾಲ್ಕೂ ಮೀಟರ್ ಬರೆದುಕೊಂಡು, ಬೆಳಿಗ್ಗೆ ಯಾರೂ ನಲ್ಲಿ ತಿರುಗಿಸುವ ಮೊದಲು ಇನ್ನೊಮ್ಮೆ ನೋಡಿ ಎಂದೆ. ಗೆಸ್ಟ್ ಬಾತ್‌ರೂಮಿನದು ಮಾತ್ರ ಓಡಿತ್ತು. ಫ್ಲಶ್ ಟ್ಯಾಂಕಿನ ರಬ್ಬರ್ ಸವೆದು, ಕಮೋಡಿಗೆ ಸದ್ದಿಲ್ಲದೆ ನೀರು ಇಳಿಯುತ್ತಿತ್ತು. ಎಷ್ಟು ವರ್ಷದಿಂದಲೋ ಒಮ್ಮೊಮ್ಮೆ ಹಾಗಾಗುತ್ತಿತ್ತಂತೆ.