ಹತ್ತು ಪರ್ಸೆಂಟ್ ಇದ್ದರೆ ಹೆಚ್ಚು ಶಕ್ತಿಯೇ?

ಪ್ರಶ್ನೆ: ಮನೆಯಲ್ಲಿದ್ದ 10% ಪೊವಿಡೋನ್ ಅಯೋಡಿನ್ ಮುಗಿದಿದೆ. ಕ್ಲೋರ್‌ಹೆಕ್ಸಿಡಿನ್ 0.2% ಎಂದು ಬರೆದ ಬಾಟಲಿ ಇದೆ. ಮಗನ ಮೊಣಕಾಲು ತರಚಿದೆ, ಅದನ್ನೇ ಹಚ್ಚಬಹುದೇ? ಅದು ಐವತ್ತು ಪಟ್ಟು ದುರ್ಬಲವಲ್ಲವೇ?

ಹಚ್ಚಬೇಡಿ. ನಿಮ್ಮ ಕೈಯಲ್ಲಿರುವುದು ಬಾಯಿ ಮುಕ್ಕಳಿಸುವ ಔಷಧಿ. ಮೊಣಕಾಲನ್ನು ನಲ್ಲಿಯ ನೀರಿನಲ್ಲಿ ಮಣ್ಣು ಹೋಗುವವರೆಗೆ ತೊಳೆಯಿರಿ, ಸಣ್ಣ ತರಚು ಗಾಯಕ್ಕೆ ಮುಖ್ಯವಾಗಿ ಬೇಕಾದದ್ದು ಅದೇ.

ಆದರೆ ಆ 'ಐವತ್ತು ಪಟ್ಟು' ಲೆಕ್ಕವಿದೆಯಲ್ಲ, ಅದನ್ನು ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು ಎಷ್ಟು ವರ್ಷಗಳಿಂದ ಅಲ್ಲಗಳೆಯುತ್ತಿದ್ದೇನೋ! ಇವತ್ತು ಪೂರ್ತಿ ಹೇಳಿಬಿಡುತ್ತೇನೆ. ಕಂದು ಬಾಟಲಿಯನ್ನು ತಿರುಗಿಸಿ ಸಣ್ಣ ಅಕ್ಷರಗಳನ್ನು ಓದಿ. 10% ಪೊವಿಡೋನ್ ಅಯೋಡಿನ್ ಎಂಬುದರ ಜೊತೆಗೆ, ಲಭ್ಯ ಅಯೋಡಿನ್ 1% ಎಂದಿರುತ್ತದೆ. ಆ ಹತ್ತರಲ್ಲಿ ಉಳಿದ ತೂಕದ ಬಹುಪಾಲು ಪೊವಿಡೋನ್, ಅಂದರೆ ಅಯೋಡಿನ್ನನ್ನು ಹಿಡಿದಿಟ್ಟುಕೊಳ್ಳುವ ಪದಾರ್ಥ. ಆ 1% ಕೂಡ ಒಮ್ಮೆಲೇ ಕೆಲಸಕ್ಕೆ ಇಳಿಯುವುದಿಲ್ಲ. ಬಿಡುಗಡೆಯಾದ ಒಂದಿಷ್ಟು ಅಯೋಡಿನ್ ಮಾತ್ರ ರೋಗಾಣುಗಳನ್ನು ಕೊಲ್ಲುತ್ತದೆ, ಅದು ಖರ್ಚಾದಂತೆ ದಾಸ್ತಾನಿನಿಂದ ಮತ್ತಷ್ಟು ಹೊರಬರುತ್ತದೆ. ಹಚ್ಚಿದ ಕಂದು ಬಣ್ಣ ಆ ದಾಸ್ತಾನಿನ ಗುರುತು. ರಕ್ತ, ಕೀವು ಇದ್ದ ಕಡೆ ಬಣ್ಣ ಬೇಗ ಮಾಸುತ್ತದೆ, ಅಯೋಡಿನ್ ಅಲ್ಲಿ ತೀರಿತು ಎಂದರ್ಥ.

ಕ್ಲೋರ್‌ಹೆಕ್ಸಿಡಿನ್ ಕೆಲಸ ಮಾಡುವ ರೀತಿಯೇ ಬೇರೆ. ಅದರ ಧನ ವಿದ್ಯುದಂಶ ರೋಗಾಣುವಿನ ಹೊರಪೊರೆಗೆ ಅಂಟಿ ಅದನ್ನು ಒಡೆಯುತ್ತದೆ. ಚರ್ಮಕ್ಕೂ ಅಂಟಿಕೊಂಡು ಗಂಟೆಗಟ್ಟಲೆ ಉಳಿಯುತ್ತದೆ. ಇವೆರಡರ ಪರ್ಸೆಂಟ್ ಹೋಲಿಸುವುದು ಸೇರಿಗೂ ಮಾರಿಗೂ ತಾಳೆ ನೋಡಿದಂತೆ. ಕ್ಲೋರ್‌ಹೆಕ್ಸಿಡಿನ್‌ನ ಎರಡು ಬಾಟಲಿಗಳನ್ನು ಹೋಲಿಸುವಾಗಲೂ ಎಡವುತ್ತೇವೆ. ಕೈಗೆ ಹಚ್ಚುವ ದ್ರವದ ಮೇಲೆ 'ಕ್ಲೋರ್‌ಹೆಕ್ಸಿಡಿನ್ ಗ್ಲುಕೊನೇಟ್ ದ್ರಾವಣ 2.5%' ಎಂದಿರುತ್ತದೆ. ಆ ಮೂಲ ದ್ರಾವಣವೇ 20% ಇರುವುದರಿಂದ ನಿಜವಾದ ಔಷಧಿ 0.5% ಮಾತ್ರ.

ಅದಲುಬದಲು ಮಾಡಿದರೆ ಅಪಾಯ ಎಲ್ಲಿದೆ ಗೊತ್ತೇ? ಕಣ್ಣು ಮತ್ತು ಕಿವಿಯಲ್ಲಿ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಮುನ್ನ ವೈದ್ಯರು 5% ಪೊವಿಡೋನ್ ಅಯೋಡಿನ್ನನ್ನು ಕಣ್ಣಿಗೇ ಹಾಕುತ್ತಾರೆ. ಅಲ್ಲಿ ಕ್ಲೋರ್‌ಹೆಕ್ಸಿಡಿನ್ ಬಿದ್ದರೆ ಕಾರ್ನಿಯಾ ಹಾಳಾಗಬಹುದು. ತಮಟೆ ತೂತಾದ ಕಿವಿಯೊಳಗೆ ಅದು ಇಳಿದರೆ ಶ್ರವಣಶಕ್ತಿಗೇ ಕುತ್ತು. ಇತ್ತ ಅಯೋಡಿನ್ ಚರ್ಮದ ಮೂಲಕ ದೇಹ ಸೇರುತ್ತದೆ. ಹಾಗಾಗಿ ಥೈರಾಯ್ಡ್ ತೊಂದರೆ ಇರುವವರು ವೈದ್ಯರನ್ನು ಕೇಳದೆ ಅದನ್ನು ದಿನವೂ ಬಳಸಬಾರದು, ನವಜಾತ ಶಿಶುಗಳಿಗೆ ಹಚ್ಚಲೂಬಾರದು.

ನೀವು ಕೇಳಲಿಲ್ಲ, ಆದರೂ ಆ 0.2% ಬಾಟಲಿ ಮನೆಯಲ್ಲಿದೆ ಎಂದಿರಲ್ಲ, ಅದಕ್ಕೆ ಹೇಳುತ್ತೇನೆ. ಹಲ್ಲುಜ್ಜಿದ ಕೂಡಲೇ ಅದರಿಂದ ಮುಕ್ಕಳಿಸಬೇಡಿ. ಪೇಸ್ಟಿನಲ್ಲಿ ನೊರೆ ಬರಿಸುವ ಪದಾರ್ಥದ ವಿದ್ಯುದಂಶ ಋಣ, ಅದು ಕ್ಲೋರ್‌ಹೆಕ್ಸಿಡಿನ್‌ಗೆ ಅಂಟಿ ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಬಾಯಿ ತೊಳೆದು ಅರ್ಧ ಗಂಟೆ ಬಿಡಿ. ಮುಕ್ಕಳಿಸಿದ ಮೇಲೆ ತಕ್ಷಣ ಕಾಫಿ ಕುಡಿಯಬೇಡಿ, ಹಲ್ಲಿನ ಮೇಲೆ ಕಂದು ಕಲೆ ಕೂರುವುದು ಅದರಿಂದಲೇ ಹೆಚ್ಚು.