ಹೀಟರ್ ತಿನ್ನುವುದು ಗಂಟೆಯ ಲೆಕ್ಕದಲ್ಲಿ: ವಿದ್ಯುತ್ ಕಾರಿನ ಕ್ಯಾಬಿನ್, ರೇಂಜ್ ಮತ್ತು ಪ್ರೀಕಂಡಿಷನಿಂಗ್

ಚಳಿ ಶುರುವಾದ ಮೊದಲ ವಾರಗಳಲ್ಲಿ ನಮ್ಮ ಸರ್ವೀಸ್ ಕೇಂದ್ರಕ್ಕೆ ಬರುವ ವಿದ್ಯುತ್ ಕಾರುಗಳ ಮಾಲೀಕರಲ್ಲಿ ಅನೇಕರು ಬ್ಯಾಟರಿ ಕೆಟ್ಟಿರಬೇಕೆಂಬ ಅನುಮಾನದಿಂದಲೇ ಬರುತ್ತಾರೆ. ಪರೀಕ್ಷಿಸಿ ನೋಡಿದರೆ ಬ್ಯಾಟರಿಯ ಸಾಮರ್ಥ್ಯ ಇರಬೇಕಾದಷ್ಟೇ ಇರುತ್ತದೆ. ಹಾಗಾದರೆ ಕಡಿಮೆಯಾದ ಕಿಲೋಮೀಟರುಗಳು ಎಲ್ಲಿ ಹೋದವು ಎಂಬ ಪ್ರಶ್ನೆಗೆ ಉತ್ತರ ಹುಡುಕಲು, ಕಾರು ಎಷ್ಟು ದೂರ ಓಡಿತು ಎಂಬುದರ ಜೊತೆಗೆ ಅದರಲ್ಲಿ ಎಷ್ಟು ಹೊತ್ತು ಕುಳಿತಿದ್ದಿರಿ ಎಂದೂ ನಾನು ಕೇಳುತ್ತೇನೆ. ಈ ಎರಡನೆಯ ಪ್ರಶ್ನೆ ಬಹಳ ಮಂದಿಗೆ ವಿಚಿತ್ರವೆನಿಸುತ್ತದೆ. ಆದರೆ ವಿಷಯದ ತಿರುಳು ಇರುವುದು ಅಲ್ಲಿಯೇ.

ಪೆಟ್ರೋಲ್ ಕಾರಿನಲ್ಲಿ ಇಂಧನದ ಶಕ್ತಿಯ ಹೆಚ್ಚಿನ ಪಾಲು ಬಿಸಿಯಾಗಿ ಹೊರಹೋಗುತ್ತದೆ, ಮತ್ತು ಆ ಬಿಸಿಯಲ್ಲಿ ಸ್ವಲ್ಪವನ್ನು ಒಳಕ್ಕೆ ತಿರುಗಿಸಿದರೆ ಕ್ಯಾಬಿನ್ ಬೆಚ್ಚಗಾಗುತ್ತದೆ. ಅದಕ್ಕೆ ಬೇರೆ ಖರ್ಚಿಲ್ಲದ್ದರಿಂದ ಹೀಟರ್ ಹಾಕಿದರೆ ಮೈಲೇಜ್ ಬೀಳುತ್ತದೆ ಎಂದು ಯಾರೂ ಯೋಚಿಸಬೇಕಾಗಿರಲಿಲ್ಲ. ವಿದ್ಯುತ್ ಮೋಟಾರು ತನಗೆ ಸಿಕ್ಕ ಶಕ್ತಿಯಲ್ಲಿ ಸುಮಾರು ಶೇಕಡ 90ರಷ್ಟನ್ನು ಚಕ್ರಕ್ಕೆ ಕೊಡುವುದರಿಂದ, ವ್ಯರ್ಥವಾಗುವ ಬಿಸಿ ಕ್ಯಾಬಿನ್ನಿಗೆ ಸಾಲುವುದಿಲ್ಲ. ಆದ್ದರಿಂದ ಒಳಗಿನ ಬಿಸಿಯನ್ನು ಚಕ್ರ ತಿರುಗಿಸುವ ಅದೇ ಬ್ಯಾಟರಿಯಿಂದಲೇ ತಯಾರಿಸಬೇಕಾಗುತ್ತದೆ.

ಚಕ್ರ ತಿರುಗಿಸುವ ಖರ್ಚು ದೂರಕ್ಕೆ ತಕ್ಕಂತೆ ಏರುತ್ತದೆ. ಕ್ಯಾಬಿನ್ನಿನ ಖರ್ಚು ಸಮಯಕ್ಕೆ ತಕ್ಕಂತೆ ಏರುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಮೋಟಾರು ಏನನ್ನೂ ಎಳೆಯದಿದ್ದರೂ ಹೀಟರ್ ಎಳೆಯುತ್ತಲೇ ಇರುತ್ತದೆ. ಒಂದು ಲೆಕ್ಕವನ್ನು ಬಿಡಿಸಿ ನೋಡೋಣ. ಇದರ ಅಂಕಿಗಳು ಸಾಧಾರಣ ಗಾತ್ರದ, ಮಾಮೂಲಿ ವಿದ್ಯುತ್ ಹೀಟರ್ ಇರುವ ಕಾರಿಗೆ ಹೊಂದುವಂಥವು. ಬ್ಯಾಟರಿಯಲ್ಲಿ ಬಳಸಲು ಸಿಗುವುದು 40 ಯೂನಿಟ್, ಅಂದರೆ 40 ಕಿಲೋವ್ಯಾಟ್ ಅವರ್ ಎಂದುಕೊಳ್ಳಿ. ಹೊರಗೆ ಸೊನ್ನೆಗಿಂತ 5 ಡಿಗ್ರಿ ಕೆಳಗಿನ ಚಳಿ. ಕಾರು ರಾತ್ರಿಯೆಲ್ಲ ಬಯಲಲ್ಲಿ ನಿಂತಿದೆ. ಬೆಳಿಗ್ಗೆ ಹೀಟರ್ ಹಾಕಿದಾಗ ಮೊದಲ 15 ನಿಮಿಷ ಅದು 5 ಕಿಲೋವ್ಯಾಟ್ ಎಳೆಯುತ್ತದೆ, ಒಳಗೆ ಬೆಚ್ಚಗಾದ ಮೇಲೆ 1.8 ಕಿಲೋವ್ಯಾಟಿಗೆ ಇಳಿಯುತ್ತದೆ.

ಈ ಕಾರಿನಲ್ಲಿ ಒಬ್ಬರು ದಟ್ಟ ಸಂಚಾರದ ನಡುವೆ 20 ಕಿಲೋಮೀಟರ್ ದೂರದ ಕೆಲಸಕ್ಕೆ 40 ನಿಮಿಷದಲ್ಲಿ ತಲುಪುತ್ತಾರೆ. ಓಡಲು ಸುಮಾರು 3.2 ಯೂನಿಟ್ ಬೇಕು. ಹೀಟರಿಗೆ ಮೊದಲ ಕಾಲು ಗಂಟೆಗೆ 1.25, ಉಳಿದ 25 ನಿಮಿಷಕ್ಕೆ 0.75, ಒಟ್ಟು 2 ಯೂನಿಟ್. ಅಂದರೆ ಖರ್ಚಾದ 5.2 ಯೂನಿಟ್‌ನಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಬರೀ ಬೆಚ್ಚಗಿರಲು ಹೋಯಿತು. ಪ್ರತಿ ಸಲವೂ ತಣ್ಣಗಾದ ಕಾರಿನಲ್ಲಿ ಇಂಥ ಪ್ರಯಾಣವನ್ನೇ ಮಾಡುತ್ತ ಹೋದರೆ ಪೂರ್ತಿ ಬ್ಯಾಟರಿಗೆ ಸಿಗುವುದು ಸುಮಾರು 154 ಕಿಲೋಮೀಟರ್. ಅದೇ ಕಾರು ಅದೇ ಚಳಿಯಲ್ಲಿ ಹೆದ್ದಾರಿಯಲ್ಲಿ 80ರ ವೇಗದಲ್ಲಿ ಎರಡೂವರೆ ಗಂಟೆ ಓಡಿ 200 ಕಿಲೋಮೀಟರ್ ದಾಟಿದರೆ, ಓಡಲು ಸುಮಾರು 34 ಯೂನಿಟ್ ಮತ್ತು ಹೀಟರಿಗೆ 5.3 ಯೂನಿಟ್ ಬೇಕಾಗುತ್ತದೆ. ಹೀಟರಿನ ಪಾಲು ಏಳರಲ್ಲಿ ಒಂದಕ್ಕೆ ಇಳಿಯಿತು, ರೇಂಜ್ 200ರ ಮೇಲೆ ನಿಂತಿತು. ಬೇಸಿಗೆಯ ಅನುಭವದಿಂದ ಊರೊಳಗೆ ಹೆಚ್ಚು ಓಡುತ್ತದೆ, ಹೆದ್ದಾರಿಯಲ್ಲಿ ಕಡಿಮೆ ಎಂದು ಕಲಿತವರಿಗೆ ಚಳಿಯಲ್ಲಿ ಈ ಲೆಕ್ಕ ತಲೆಕೆಳಗಾದಾಗ ಗಾಬರಿಯಾಗುವುದು ಸಹಜ.

ಕೆಲವು ಕಾರುಗಳಲ್ಲಿ ಹೀಟ್ ಪಂಪ್ ಇರುತ್ತದೆ. ಅದು ಬಿಸಿಯನ್ನು ಹೊಸದಾಗಿ ತಯಾರಿಸುವ ಬದಲು ಹೊರಗಿನ ಗಾಳಿಯಲ್ಲಿರುವ ಬಿಸಿಯನ್ನು ಹೀರಿ ಒಳಕ್ಕೆ ಸಾಗಿಸುತ್ತದೆ. ಹಿತವಾದ ಚಳಿಯಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಎರಡರಿಂದ ಮೂರು ಯೂನಿಟ್ ಬಿಸಿ ಕೊಡಬಲ್ಲದು. ಚಳಿ ತೀವ್ರವಾದಂತೆ ಈ ಲಾಭ ಕರಗುತ್ತದೆ, ಆಗ ಮಾಮೂಲಿ ಹೀಟರೇ ನೆರವಿಗೆ ಬರಬೇಕಾಗುತ್ತದೆ.

ತಂಪು ಮಾಡುವ ಖರ್ಚು ಇಷ್ಟು ಕಠಿಣವಲ್ಲ. ಎಸಿ ಕೂಡ ಬಿಸಿಯನ್ನು ಸಾಗಿಸುವ ಯಂತ್ರವೇ ಆದ್ದರಿಂದ ಒಂದು ಯೂನಿಟ್ ವಿದ್ಯುತ್ತಿಗೆ ಅದರ ಎರಡು ಮೂರು ಪಟ್ಟು ಬಿಸಿಯನ್ನು ಹೊರಹಾಕುತ್ತದೆ. ಅದರ ಮೇಲೆ ಅಂತರವೂ ಕಡಿಮೆ: ಹೊರಗೆ 35 ಡಿಗ್ರಿ, ಒಳಗೆ 24 ಬೇಕೆಂದರೆ ವ್ಯತ್ಯಾಸ 11 ಡಿಗ್ರಿ, ಹೊರಗೆ ಸೊನ್ನೆ, ಒಳಗೆ 22 ಬೇಕೆಂದರೆ ವ್ಯತ್ಯಾಸ ಅದರ ಎರಡು ಪಟ್ಟು. ಬಿಸಿಲಲ್ಲಿ ನಿಂತು ಕಾದ ಕಾರಿನ ಬಿಸಿ ಇಳಿಸಲು ಕಂಪ್ರೆಸರ್ ಕೆಲವು ನಿಮಿಷ ಮೂರು ನಾಲ್ಕು ಕಿಲೋವ್ಯಾಟ್ ಎಳೆದರೂ, ಆಮೇಲೆ ಸಾಮಾನ್ಯವಾಗಿ ಒಂದು ಕಿಲೋವ್ಯಾಟಿನ ಆಸುಪಾಸಿಗೆ ಬರುತ್ತದೆ. ಅಮೆರಿಕದ ವಾಹನ ಸಂಘವಾದ ಎಎಎ 2019ರಲ್ಲಿ ಪ್ರಕಟಿಸಿದ ಐದು ಕಾರುಗಳ ಪರೀಕ್ಷೆಯಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. 24 ಡಿಗ್ರಿಗೆ ಹೋಲಿಸಿದರೆ, 35 ಡಿಗ್ರಿಯಲ್ಲಿ ಎಸಿ ಹಾಕಿದಾಗ ರೇಂಜ್ ಸರಾಸರಿ ಶೇಕಡ 17ರಷ್ಟು ಕುಸಿಯಿತು. ಸೊನ್ನೆಗಿಂತ ಸುಮಾರು 7 ಡಿಗ್ರಿ ಕೆಳಗೆ ಹೀಟರ್ ಹಾಕಿದಾಗ ಶೇಕಡ 41ರಷ್ಟು. ಅದೇ ಚಳಿಯಲ್ಲಿ ಹೀಟರ್ ಹಾಕದೆ ಓಡಿಸಿದಾಗ ಕುಸಿತ ಶೇಕಡ 12 ಮಾತ್ರ. ಚಳಿಗಾಲದಲ್ಲಿ ಬ್ಯಾಟರಿಯ ಮೇಲೆ ಹಾಕುವ ಆರೋಪದ ಬಹುಪಾಲು ಹೀಟರಿನದು ಎಂದು ನಾನು ಧೈರ್ಯವಾಗಿ ಹೇಳುವುದು ಇದರಿಂದಲೇ.

ಈಗ ಪ್ರೀಕಂಡಿಷನಿಂಗ್ ವಿಷಯ. ಚಾರ್ಜಿಂಗ್ ಕೇಬಲ್ ಹಾಕಿರುವಾಗಲೇ, ಹೊರಡುವ ಸಮಯಕ್ಕೆ ಸರಿಯಾಗಿ ಕ್ಯಾಬಿನ್ನನ್ನು ಬೆಚ್ಚಗೆ ಅಥವಾ ತಂಪಾಗಿ ಮಾಡಿಡುವ ಸೌಲಭ್ಯವಿದು. ಇದರಿಂದ ಒಟ್ಟು ವಿದ್ಯುತ್ ಉಳಿಯುತ್ತದೆ ಎಂದು ತಿಳಿಯಬಾರದು. ಆರಂಭದ ಆ ದೊಡ್ಡ ಖರ್ಚನ್ನು ಬ್ಯಾಟರಿಯ ಬದಲು ಗೋಡೆಯ ಪ್ಲಗ್ಗಿನ ಲೆಕ್ಕಕ್ಕೆ ಹಾಕುವುದಷ್ಟೇ ಇದರ ಕೆಲಸ. ಮೇಲಿನ ಉದಾಹರಣೆಯಲ್ಲಿ ಕಾರು ಬೆಚ್ಚಗಾಗಿಯೇ ಹೊರಟರೆ 40 ನಿಮಿಷಕ್ಕೆ 1.8 ಕಿಲೋವ್ಯಾಟಿನಂತೆ 1.2 ಯೂನಿಟ್ ಸಾಕು. ಬ್ಯಾಟರಿಯಲ್ಲಿ 0.8 ಯೂನಿಟ್ ಉಳಿಯಿತು, ಅಂದರೆ ಸುಮಾರು 5 ಕಿಲೋಮೀಟರ್. ಇಪ್ಪತ್ತು ಕಿಲೋಮೀಟರಿನ ಪ್ರಯಾಣದಲ್ಲಿ ಇದು ಶೇಕಡ 15ರ ಉಳಿತಾಯ. ಇನ್ನೂರು ಕಿಲೋಮೀಟರಿನಲ್ಲಿ ಅದೇ 0.8 ಯೂನಿಟ್ ಶೇಕಡ 2ರಷ್ಟು ಮಾತ್ರ. ದೂರ ಪ್ರಯಾಣದಲ್ಲಿ ಪ್ರೀಕಂಡಿಷನಿಂಗ್ ನಿಮ್ಮನ್ನು ಮುಂದಿನ ಚಾರ್ಜಿಂಗ್ ಕೇಂದ್ರಕ್ಕೆ ಮುಟ್ಟಿಸುತ್ತದೆ ಎಂಬ ನಂಬಿಕೆಯಿಂದ ಹೊರಡಬೇಡಿ.

ಗೋಡೆಯ ಲೆಕ್ಕಕ್ಕೆ ಹೋಗಬೇಕಾದ್ದು ನಿಜವಾಗಿಯೂ ಹೋಗುತ್ತಿದೆಯೇ ಎಂಬುದನ್ನು ಮಾತ್ರ ಪರೀಕ್ಷಿಸಿಯೇ ತಿಳಿಯಬೇಕು. ಹಿಂದಿನ ಚಳಿಗಾಲದಲ್ಲಿ ಬಂದ ಒಬ್ಬ ಗ್ರಾಹಕರ ಕಾರು ಮೇಲೆ ಹೇಳಿದ ಗಾತ್ರದ್ದೇ. "ಸರ್, ದಿನಾ ರಾತ್ರಿ ಪ್ಲಗ್ ಹಾಕಿಯೇ ಮಲಗುತ್ತೇನೆ, ಏಳೂವರೆಗೆ ಹೊರಡುವ ಟೈಮ್ ಸೆಟ್ ಮಾಡಿದ್ದೇನೆ. ಆದರೂ ಬೆಳಿಗ್ಗೆ ಬಾಗಿಲು ತೆಗೆದಾಗ 4 ಪರ್ಸೆಂಟ್ ಇಳಿದಿರುತ್ತದೆ" ಎಂದರು. ಕಾರಿನ ಸೆಟ್ಟಿಂಗ್‌ಗಳೆಲ್ಲ ಸರಿಯಾಗಿದ್ದವು. ಕೊನೆಗೆ ಅವರ ಮೊಬೈಲಿನಲ್ಲಿ ವಾಲ್‌ಬಾಕ್ಸ್ ಚಾರ್ಜರಿನ ದಾಖಲೆ ತೆರೆದು ನೋಡಿದೆವು. ವಿದ್ಯುತ್ ದರ ಕಡಿಮೆ ಇರುವ ಹೊತ್ತಿಗೆ ಚಾರ್ಜ್ ಆಗಲೆಂದು ಅವರು ಚಾರ್ಜರಿನಲ್ಲಿ ಟೈಮರ್ ಹಾಕಿದ್ದರು, ಅದು ಬೆಳಿಗ್ಗೆ 6ಕ್ಕೆ ಮುಗಿಯುತ್ತಿತ್ತು. ಏಳು ಗಂಟೆ ದಾಟಿ ಕಾರು ತನ್ನನ್ನು ಬೆಚ್ಚಗೆ ಮಾಡಿಕೊಳ್ಳಲು ತೊಡಗಿದಾಗ ಕೇಬಲ್ ಸಿಕ್ಕಿಸಿಕೊಂಡೇ ಇತ್ತು, ಅದರಲ್ಲಿ ವಿದ್ಯುತ್ ಇರಲಿಲ್ಲ. ಇಪ್ಪತ್ತು ನಿಮಿಷ 4.8 ಕಿಲೋವ್ಯಾಟ್ ಎಳೆದರೆ 1.6 ಯೂನಿಟ್, 40 ಯೂನಿಟ್‌ನ ಬ್ಯಾಟರಿಯಲ್ಲಿ ಅದು ಸರಿಯಾಗಿ ಶೇಕಡ 4. ಟೈಮರನ್ನು ಚಾರ್ಜರಿನಿಂದ ತೆಗೆದು ಕಾರಿನಲ್ಲಿ ಮಾತ್ರ ಇಟ್ಟುಕೊಂಡ ಮೇಲೆ ಅವರ ತೊಂದರೆ ನೀಗಿತು. ಎರಡು ಕಡೆ ಟೈಮರ್ ಇದ್ದರೆ ಅವು ಒಂದನ್ನೊಂದು ಕೇಳುವುದಿಲ್ಲ ಎಂಬುದನ್ನು ನಾನು ಈಗ ಹೊಸ ಕಾರು ಪಡೆಯುವ ಪ್ರತಿಯೊಬ್ಬರಿಗೂ ಹೇಳುತ್ತೇನೆ.

ಮಾಮೂಲಿ ಪ್ಲಗ್ಗಿಗೆ ಸಿಕ್ಕಿಸುವ ಪೋರ್ಟಬಲ್ ಚಾರ್ಜರ್ ಬಳಸುವವರಿಗೆ ಇನ್ನೊಂದು ಮಿತಿಯಿದೆ. 230 ವೋಲ್ಟಿನಲ್ಲಿ 10 ಆಂಪಿಯರ್ ಎಂದರೆ 2.3 ಕಿಲೋವ್ಯಾಟ್, ಹೀಟರ್ 5 ಕೇಳುತ್ತಿದ್ದರೆ ಉಳಿದ 2.7 ಬ್ಯಾಟರಿಯಿಂದಲೇ ಹೋಗಬೇಕು. ಇಪ್ಪತ್ತು ನಿಮಿಷಕ್ಕೆ ಅದು 0.9 ಯೂನಿಟ್. ಇದಕ್ಕೆ ಪರಿಹಾರ ಸರಳ: ಹೊರಡುವ ಸಮಯವನ್ನು ಕಾರಿಗೆ ಅರ್ಧ ಗಂಟೆ ಮುಂಚಿನದಾಗಿ ಕೊಡಿ. ಬೆಚ್ಚಗಾಗಿ ಹೀಟರಿನ ಎಳೆತ 1.8ಕ್ಕೆ ಇಳಿದ ಮೇಲೆ ಮಿಕ್ಕ ಅರ್ಧ ಕಿಲೋವ್ಯಾಟಿನಷ್ಟು ಬ್ಯಾಟರಿಗೆ ಮರಳುತ್ತದೆ, ನಷ್ಟದ ಕಾಲು ಭಾಗದಷ್ಟಾದರೂ ತುಂಬುತ್ತದೆ. 7.4 ಕಿಲೋವ್ಯಾಟಿನ ವಾಲ್‌ಬಾಕ್ಸ್ ಇರುವವರಿಗೆ ಈ ಚಿಂತೆ ಬೇಡ. ಅವರು ಹತ್ತಿಪ್ಪತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಬೆಚ್ಚಗೆ ಮಾಡಿದರೆ ಗೋಡೆಯ ವಿದ್ಯುತ್ತೇ ದಂಡ.

ಪ್ರೀಕಂಡಿಷನಿಂಗ್ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಕೆಲಸಗಳನ್ನು ಕರೆಯುವುದರಿಂದಲೂ ಗೊಂದಲವಾಗುತ್ತದೆ. ಕ್ಯಾಬಿನ್ ಬೆಚ್ಚಗಾಯಿತೆಂದರೆ ಬ್ಯಾಟರಿಯೂ ಬೆಚ್ಚಗಾಯಿತೆಂದು ಅರ್ಥವಲ್ಲ. ತಣ್ಣಗಿರುವ ಲಿಥಿಯಂ ಬ್ಯಾಟರಿಗೆ ವೇಗದ ಡಿಸಿ ಚಾರ್ಜರಿನಿಂದ ಜೋರಾಗಿ ತುಂಬಿದರೆ ಲಿಥಿಯಂ ಲೋಹವಾಗಿ ಒಳಗೆ ಪದರಗಟ್ಟಿ ಸಾಮರ್ಥ್ಯ ಕುಂದುತ್ತದೆ; ಆ ಅಪಾಯ ತಪ್ಪಿಸಲು ಕಾರೇ ಚಾರ್ಜಿಂಗ್ ವೇಗವನ್ನು ತಗ್ಗಿಸುತ್ತದೆ. ಕೆಲವು ಕಾರುಗಳು ನಕ್ಷೆಯಲ್ಲಿ ಚಾರ್ಜಿಂಗ್ ಕೇಂದ್ರವನ್ನು ಗುರಿಯಾಗಿ ಆರಿಸಿದಾಗ ದಾರಿಯಲ್ಲೇ ಬ್ಯಾಟರಿಯನ್ನು ಬಿಸಿಮಾಡಿಕೊಳ್ಳುತ್ತವೆ. ನಾನೂರು ಕಿಲೋ ತೂಗುವ ಬ್ಯಾಟರಿಯನ್ನು 20 ಡಿಗ್ರಿ ಏರಿಸಲು ಸುಮಾರು 2 ಯೂನಿಟ್ ಬೇಕಾಗುವುದರಿಂದ ಇದು ರೇಂಜನ್ನು ಕಡಿಮೆ ಮಾಡಿ ಚಾರ್ಜಿಂಗ್ ಸಮಯವನ್ನು ಉಳಿಸುವ ವ್ಯವಹಾರ. ಮನೆಯಿಂದಲೇ ಬೆಚ್ಚಗಿನ ಬ್ಯಾಟರಿಯೊಂದಿಗೆ ಹೊರಡಬೇಕೆಂದರೆ, ರಾತ್ರಿಯ ಚಾರ್ಜಿಂಗ್ ಹೊರಡುವ ಹೊತ್ತಿಗೆ ಮುಗಿಯುವಂತೆ ಸಮಯ ಹೊಂದಿಸುವುದು ಒಳ್ಳೆಯದು, ಏಕೆಂದರೆ ತುಂಬುವಾಗ ಬ್ಯಾಟರಿ ಸ್ವಲ್ಪ ತಾನಾಗಿಯೇ ಬಿಸಿಯಾಗುತ್ತದೆ. ತಣ್ಣಗಿರುವ ಬ್ಯಾಟರಿ ಬ್ರೇಕಿನ ಶಕ್ತಿಯನ್ನು ಮರಳಿ ಪಡೆಯಲು ಹಿಂಜರಿಯುತ್ತದೆ. ಬೆಳಗಿನ ಮೊದಲ ಕಿಲೋಮೀಟರುಗಳಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಕಾರು ಎಂದಿನಂತೆ ನಿಧಾನವಾಗದಿದ್ದರೆ ಇದೇ ಕಾರಣ.

ದಾರಿಯಲ್ಲಿ ಉಳಿಸಬೇಕಾದವರಿಗೆ ಸೀಟ್ ಹೀಟರ್ ಇದ್ದರೆ ಅದನ್ನು ಮೊದಲು ಬಳಸಿರೆಂದು ಹೇಳುತ್ತೇನೆ. ಒಂದು ಸೀಟು ನೂರು ವ್ಯಾಟಿನೊಳಗೆ ಮೈಗೆ ನೇರವಾಗಿ ಬಿಸಿ ಕೊಡುತ್ತದೆ, ಆಗ ಗಾಳಿಯನ್ನು 22ರ ಬದಲು 19 ಡಿಗ್ರಿಗೆ ಇಟ್ಟರೂ ಚಳಿಯೆನಿಸುವುದಿಲ್ಲ. ಒಳಗಿನ ಗಾಳಿಯನ್ನೇ ತಿರುಗಿಸುವ ಬಟನ್ ಕೂಡ ಖರ್ಚು ತಗ್ಗಿಸುತ್ತದೆ, ಆದರೆ ಉಸಿರಿನ ತೇವ ಒಳಗೇ ಉಳಿದು ಗಾಜು ಮಂಜಾಗುತ್ತದೆ. ಗಾಜು ಮಸುಕಾಗತೊಡಗಿದ ಕೂಡಲೇ ಹೊರಗಿನ ಗಾಳಿಗೆ ಬದಲಿಸಿ. ಅಲ್ಲಿ ರೇಂಜಿನ ಲೆಕ್ಕ ನೋಡಬಾರದು.

ನಿಮ್ಮ ಕಾರಿನಲ್ಲಿ ಪ್ರೀಕಂಡಿಷನಿಂಗ್ ಎಲ್ಲಿಂದ ಎಳೆಯುತ್ತಿದೆ ಎಂದು ತಿಳಿಯಲು ಒಂದು ಬೆಳಗು ಸಾಕು. ಚಾರ್ಜ್ ನಿಗದಿತ ಮಿತಿ ಮುಟ್ಟಿ ನಿಂತಿರುವಾಗ ಶೇಕಡಾವಾರು ಬರೆದುಕೊಳ್ಳಿ, ಕೇಬಲ್ ಹಾಗೆಯೇ ಇರಲಿ, ಮೊಬೈಲಿನಿಂದ ಹೀಟರ್ ಅಥವಾ ಎಸಿ ಶುರುಮಾಡಿ ಚಾರ್ಜರಿನ ಪರದೆಯನ್ನು ನೋಡಿ. ಒಂದೆರಡು ನಿಮಿಷದಲ್ಲಿ ಕಿಲೋವ್ಯಾಟಿನ ಅಂಕಿ ಏರಿದರೆ ಕಾರು ಗೋಡೆಯಿಂದ ಪಡೆಯುತ್ತಿದೆ. ಸೊನ್ನೆಯಲ್ಲೇ ನಿಂತು ಕಾರಿನ ಶೇಕಡಾವಾರು ಇಳಿಯತೊಡಗಿದರೆ ಮೊದಲು ಚಾರ್ಜರಿನ ಟೈಮರ್ ನೋಡಿ. ಅದೂ ಸರಿಯಿದ್ದರೆ ಚಾರ್ಜಿಂಗ್ ಮಿತಿಯನ್ನು 80ರಿಂದ 85ಕ್ಕೆ ಏರಿಸಿ ಮತ್ತೊಮ್ಮೆ ಪ್ರಯತ್ನಿಸಿ. ಕೆಲವು ಕಾರುಗಳು ಮಿತಿ ಮುಟ್ಟಿದ ಮೇಲೆ ಗೋಡೆಯ ಸಂಪರ್ಕವನ್ನು ಬಿಟ್ಟುಬಿಟ್ಟು, ಚಾರ್ಜ್ ಮಾಡುತ್ತಿರುವಾಗ ಮಾತ್ರ ಅಲ್ಲಿಂದ ಪಡೆಯುತ್ತವೆ.