gg ಬರೆದವರು ಸೋತವರೋ, ಗೆದ್ದವರೋ?

ಬೈಗುಳಗಳ ಪಟ್ಟಿ ಮಾಡಿ ಚಾಟ್‌ನಿಂದ ಅಳಿಸಿದರೆ ಆನ್‌ಲೈನ್ ಗೇಮ್‌ಗಳ ಗಲೀಜು ತೊಲಗುತ್ತದೆ ಎಂದು ನಂಬಿದವರು ಬಹಳ. ಈ ನಂಬಿಕೆ ಎಷ್ಟು ಪೊಳ್ಳು ಎಂದು ತಿಳಿಯಲು gg ಒಂದೇ ಸಾಕು.

ಗುಡ್ ಗೇಮ್ ಎಂಬುದರ ಮೊದಲಕ್ಷರಗಳಿವು. 1998ರಲ್ಲಿ ಬಂದ ಸ್ಟಾರ್‌ಕ್ರಾಫ್ಟ್ ದಕ್ಷಿಣ ಕೊರಿಯಾದಲ್ಲಿ ವೃತ್ತಿಪರ ಆಟವಾಗಿ ಬೆಳೆದಾಗ, gg ಬರೆಯುವ ಹಕ್ಕು ಸೋಲುತ್ತಿರುವವನದಾಗಿತ್ತು. ಬರೆದು ಹೊರಟರೆ ‘ಸೋಲೊಪ್ಪಿದೆ, ನೀನು ಚೆನ್ನಾಗಿ ಆಡಿದೆ’ ಎಂದರ್ಥ. ಗೆಲ್ಲುತ್ತಿರುವವನೇ ಮೊದಲು ಬರೆದರೆ ಅದೇ ಎರಡಕ್ಷರ ಅವಮಾನ: ಎದುರಾಳಿ ಇನ್ನೂ ಹೋರಾಡುತ್ತಿರುವಾಗಲೇ ‘ನಿನ್ನ ಕಥೆ ಮುಗೀತು, ಎದ್ದು ಹೋಗು’ ಎಂದಂತೆ. ಆಟಗಾರರು ಇದನ್ನು ಬಿಎಂ, ಅಂದರೆ ಬ್ಯಾಡ್ ಮ್ಯಾನರ್ಸ್ ಎನ್ನುತ್ತಾರೆ. ಜೊತೆಗೆ ez ಸೇರಿಸಿ gg ez ಎಂದರೆ ‘ನಿಮ್ಮನ್ನು ಸೋಲಿಸುವುದು ಸಲೀಸು’ ಎಂಬ ಚುಚ್ಚು. 2016ರಲ್ಲಿ ಓವರ್‌ವಾಚ್ ಗೇಮ್‌ನಲ್ಲಿ gg ez ಎಂದು ಬರೆದರೆ, ‘ನನಗೆ ಮಲಗುವ ಹೊತ್ತಾಯ್ತು, ಅಮ್ಮನಿಗೆ ಹೇಳಬೇಡಿ’ ಎಂಬರ್ಥದ ಸಾಲು ಅದರ ಬದಲು ತೆರೆಯ ಮೇಲೆ ಬರುವಂತೆ ಮಾಡಲಾಯಿತು. ಆದರೆ ಅಕ್ಷರಗಳ ನಡುವೆ ಜಾಗ ಬಿಟ್ಟೋ ಬೇರೆ ಪದ ಹುಡುಕಿಯೋ ಚುಚ್ಚುವುದು ಯಾರಿಗೂ ಕಷ್ಟವಲ್ಲ.

ಪದವೇ ಇಲ್ಲದೆಯೂ ಬೈಯಬಹುದು. ಲೀಗ್ ಆಫ್ ಲೆಜೆಂಡ್ಸ್‌ನಲ್ಲಿ ಎದುರಾಳಿ ಕಾಣಿಸುತ್ತಿಲ್ಲ ಎಂದು ತಂಡವನ್ನು ಎಚ್ಚರಿಸಲು ಪ್ರಶ್ನಾರ್ಥಕ ಚಿಹ್ನೆಯ ಪಿಂಗ್, ಅಂದರೆ ಆಟದ ನಕ್ಷೆಯ ಮೇಲೆ ಒತ್ತುವ ಗುರುತು ಇದೆ. ನೀವು ಸತ್ತ ಜಾಗದ ಮೇಲೆ ನಿಮ್ಮದೇ ತಂಡದವನು ಅದನ್ನು ಮತ್ತೆ ಮತ್ತೆ ಒತ್ತುತ್ತಾನೆ: ‘ಏನಾಡ್ತಿದ್ದೀಯ ನೀನು?’ ಯಾವ ಪದಪಟ್ಟಿಗೆ ಇದು ಸಿಕ್ಕೀತು?

ಹಾಗಾದರೆ ತಮಾಷೆ ಎಲ್ಲಿ ಬೈಗುಳವಾಗುತ್ತದೆ? ಬಿಜಿಎಂಐ ಆಡುವ ಗೆಳೆಯರು ‘ಲೋ, ಬಾಟ್ ಥರ ಆಡ್ಬೇಡ್ವೋ’ ಎಂದರೆ ನಗುತ್ತಾರೆ. ಬಾಟ್ ಎಂದರೆ ಆ ಆಟದಲ್ಲಿ ಕಂಪ್ಯೂಟರ್ ನಡೆಸುವ, ಸುಲಭವಾಗಿ ಸಾಯುವ ಆಟಗಾರ. ನೂಬ್ ಎಂದರೆ ಹೊಸಬ. ಇವೆಲ್ಲ ಆಟದ ಬಗೆಗಿನ ಮಾತು. ಅದು ತಾಯಿ, ಜಾತಿ, ಭಾಷೆ, ಹೆಣ್ಣುದನಿಯತ್ತ ಹೊರಳಿದ ಕ್ಷಣವೇ ಗೆರೆ ದಾಟಿತು. ಇನ್ನೊಂದು ಗುರುತು ನನಗೆ ಇದಕ್ಕಿಂತ ಮುಖ್ಯ: ಮರುಮಾತು ನಿಂತ ಮೇಲೂ ಮುಂದುವರಿದರೆ ಅದು ಪೀಡನೆ. ಇಬ್ಬರೂ ಆಡುತ್ತಿದ್ದ ಮಾತಿನಾಟದಲ್ಲಿ ಈಗ ಒಬ್ಬನೇ ಉಳಿದಿದ್ದಾನೆ. ರ್‍ಯಾಂಕ್ ಪಂದ್ಯವಾದರೆ ಇನ್ನೊಬ್ಬನಿಗೆ ಎದ್ದು ಹೋಗುವ ದಾರಿಯೂ ಇಲ್ಲ. ನಡುವೆ ಬಿಟ್ಟರೆ ಅವನಿಗೇ ದಂಡ.

‘ನಾಲ್ಕು ಪೋಕರಿಗಳನ್ನು ಬ್ಯಾನ್ ಮಾಡಿ’ ಎಂಬುದೂ ಸಾಲದು. ಲೀಗ್ ತಯಾರಿಸುವ ರಯಟ್ ಗೇಮ್ಸ್‌ನ ಸಂಶೋಧಕರು ಚಾಟ್ ದಾಖಲೆ ಪರಿಶೀಲಿಸಿದಾಗ, ಸದಾ ಕೆಟ್ಟದಾಗಿ ವರ್ತಿಸುವವರು ಸುಮಾರು 1%. ಒಟ್ಟು ಕೆಟ್ಟ ಮಾತಿನಲ್ಲಿ ಅವರ ಪಾಲು ಸುಮಾರು 5% ಅಷ್ಟೇ. ಉಳಿದದ್ದು ಸಾಮಾನ್ಯ ಆಟಗಾರರು ತಾಳ್ಮೆ ಕೆಟ್ಟ ಹೊತ್ತಲ್ಲಿ ಆಡಿದ್ದು. ಎದುರಾಳಿಗಳ ಜೊತೆಗಿನ ಚಾಟನ್ನು ರಯಟ್‌ನವರು ಮೊದಲಿಗೇ ಆಫ್ ಇಟ್ಟು, ಬೇಕಾದವರು ಆನ್ ಮಾಡಿಕೊಳ್ಳಲಿ ಎಂದರು. ಹರಟೆಯ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ ಉಳಿಯಿತು, ಕೆಟ್ಟ ಮಾತು ಮಾತ್ರ ಸುಮಾರು ಮೂರನೇ ಒಂದರಷ್ಟು ಇಳಿಯಿತು. ಒಂದು ಗುಂಡಿ ಒತ್ತುವಷ್ಟು ತಡೆಯೂ ಸಿಟ್ಟನ್ನು ತಣಿಸುತ್ತದೆ.

ಸ್ವಂತ ತಂಡದ ಚಾಟ್‌ಗೆ ಈ ಉಪಾಯ ಕಷ್ಟ. ಜೊತೆಯವನನ್ನು ಮ್ಯೂಟ್ ಮಾಡಿದರೆ ಬೈಗುಳದ ಜೊತೆಗೆ ‘ಹಿಂದೆ ಶತ್ರು’ ಎಂಬ ಎಚ್ಚರಿಕೆಯೂ ಕೇಳಿಸುವುದಿಲ್ಲ.